ವಿತರಕರಿಗೆ ಲೆಕ್ಕಪಟ್ಟಿ: ಜೊತೆಗಿನ ಪತ್ರದಲ್ಲಿ ಏನಿರಬೇಕು?

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ನೇಯ್ದ ಸೀರೆಗಳು ಬೆಂಗಳೂರಿನ ಚಿಕ್ಕಪೇಟೆಯ ಸಗಟು ಮಳಿಗೆಗಳಿಗೂ ದೂರದ ಊರುಗಳ ವಿತರಕರಿಗೂ ಬಹುಮಟ್ಟಿಗೆ ಉದ್ರಿಯ ಮೇಲೆಯೇ ಹೋಗುತ್ತವೆ. ನೂಲು ಮತ್ತು ಜರಿಯ ಹಣವನ್ನು ತಯಾರಕರು ಮೊದಲೇ ಹೊಂದಿಸಬೇಕು. ನೇಕಾರರ ಕೂಲಿಯನ್ನು ವಾರವಾರವೂ ಬಟವಾಡೆ ಮಾಡಬೇಕು. ಮಾರಿದ ಮಾಲಿನ ಹಣ ಮಾತ್ರ ತಿಂಗಳುಗಳ ನಂತರ, ಅದೂ ಕಂತುಕಂತಾಗಿ ಬರುತ್ತದೆ. ದಾಬಸ್‌ಪೇಟೆಯ ಸಣ್ಣ ಕೈಗಾರಿಕೆಯಿರಲಿ, ಹೊಸಕೋಟೆಯ ಬಿಡಿಭಾಗ ತಯಾರಕರಿರಲಿ, ಪರಿಸ್ಥಿತಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಇಂತಹ ಬಾಕಿಯ ವಸೂಲಿಗಾಗಿ ಬಹುತೇಕ ತಯಾರಕರು ವಿತರಕರಿಗೆ ಲೆಕ್ಕಪಟ್ಟಿಯನ್ನು, ಅಂದರೆ ಸ್ಟೇಟ್‌ಮೆಂಟ್ ಆಫ್ ಅಕೌಂಟನ್ನು ಕಳುಹಿಸುತ್ತಾರೆ. ಅದರೊಡನೆ ಹೋಗುವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ವಾಕ್ಯ: "ತಮ್ಮಿಂದ ಇಷ್ಟು ರೂಪಾಯಿ ಬಾಕಿ ಇದ್ದು, ಕೂಡಲೇ ಪಾವತಿಸಬೇಕಾಗಿ ವಿನಂತಿ." ಈ ವಾಕ್ಯಕ್ಕೆ ವಿತರಕರು ಉತ್ತರಿಸುವುದು ಕಷ್ಟ. ಆ ಮೊತ್ತದಲ್ಲಿ ಗಡುವು ಮೀರಿದ್ದು ಎಷ್ಟು, ಇನ್ನೂ ಗಡುವು ಬಾರದ್ದು ಎಷ್ಟು, ತಕರಾರಿನಲ್ಲಿರುವುದು ಎಷ್ಟು ಎಂಬುದು ಅವರಿಗೆ ತಿಳಿಯುವುದಿಲ್ಲ. ಪೂರ್ಣ ಮೊತ್ತವನ್ನು ಒಪ್ಪಲಾಗದ ಕಾರಣ ಅವರು ಪತ್ರವನ್ನು ಬದಿಗಿಡುತ್ತಾರೆ. ಲೆಕ್ಕಪಟ್ಟಿಯ ಜೊತೆಗಿನ ಪತ್ರದ ನಿಜವಾದ ಕೆಲಸ, ಒಂದು ಒಟ್ಟು ಮೊತ್ತವನ್ನು ಉತ್ತರಿಸಬಹುದಾದ ಭಾಗಗಳಾಗಿ ಒಡೆದು ತೋರಿಸುವುದು ಮತ್ತು ಪ್ರತಿಯೊಂದು ಭಾಗಕ್ಕೂ ಒಂದು ದಿನಾಂಕವನ್ನು ಇಡುವುದು.

ಒಂದು ಮಾದರಿ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ದೊಡ್ಡಬಳ್ಳಾಪುರದ ಸೀರೆ ತಯಾರಕರೊಬ್ಬರು ಹುಬ್ಬಳ್ಳಿಯ ವಿತರಕರಿಗೆ 2024ರ ಜುಲೈನಿಂದ ಡಿಸೆಂಬರ್‌ವರೆಗೆ ಐದು ಬಿಲ್ಲುಗಳ ಮಾಲು ಕಳುಹಿಸಿದ್ದಾರೆ. ಲಿಖಿತ ಒಪ್ಪಂದದಂತೆ ಮಾಲು ತಲುಪಿದ ದಿನದಿಂದ 45 ದಿನಗಳ ಉದ್ರಿ ಅವಧಿ ಇದೆ. ಸರಳತೆಗಾಗಿ ಬಿಲ್ಲಿನ ದಿನವೇ ಮಾಲು ತಲುಪಿದೆ ಎಂದು ಭಾವಿಸೋಣ.

- ಬಿಲ್ 112, ಜುಲೈ 8: ರೂ. 1,84,000
- ಬಿಲ್ 131, ಆಗಸ್ಟ್ 20: ರೂ. 2,10,000
- ಬಿಲ್ 158, ಸೆಪ್ಟೆಂಬರ್ 28: ರೂ. 2,46,000
- ಬಿಲ್ 176, ಅಕ್ಟೋಬರ್ 19: ರೂ. 1,65,000
- ಬಿಲ್ 203, ಡಿಸೆಂಬರ್ 5: ರೂ. 1,20,000

ಒಟ್ಟು ರೂ. 9,25,000. ಇದಕ್ಕೆ ಪ್ರತಿಯಾಗಿ ವಿತರಕರು ಮೂರು ಬಾರಿ ಹಣ ಕಳುಹಿಸಿದ್ದಾರೆ. ಸೆಪ್ಟೆಂಬರ್ 10ರಂದು ಬಿಲ್ 112ರ ಬಾಬ್ತು ಎಂದು ತಿಳಿಸಿ ರೂ. 1,50,000; ನವೆಂಬರ್ 5ರಂದು ಯಾವ ಬಿಲ್ಲಿಗೆಂದು ಹೇಳದೆ ರೂ. 2,00,000; ಡಿಸೆಂಬರ್ 12ರಂದು ಬಿಲ್ 176ಕ್ಕೆ ಎಂದು ನಮೂದಿಸಿ ರೂ. 1,65,000. ಡಿಸೆಂಬರ್ 31ಕ್ಕೆ ನಿವ್ವಳ ಬಾಕಿ ರೂ. 4,10,000. ಈ ಮೊತ್ತದ ಬಗ್ಗೆ ಉಭಯತರಲ್ಲಿ ಭಿನ್ನಾಭಿಪ್ರಾಯ ಇರಲಾರದು. ಆದರೆ ಈ ಬಾಕಿ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಬಂದ ಹಣ ಯಾವ ಬಿಲ್ಲಿಗೆ?

ಬಾಕಿಯ ವಯಸ್ಸು, ಬಂದ ಹಣವನ್ನು ಯಾವ ಬಿಲ್ಲಿಗೆ ವಜಾ ಮಾಡಲಾಗಿದೆ ಎಂಬುದನ್ನು ಅವಲಂಬಿಸಿದೆ. 1872ರ ಭಾರತೀಯ ಕರಾರು ಅಧಿನಿಯಮದ 59ರಿಂದ 61ರವರೆಗಿನ ಕಲಂಗಳು ಇದಕ್ಕೆ ಒಂದು ಕ್ರಮವನ್ನು ಹೇಳುತ್ತವೆ. ಹಣ ಕೊಡುವವರು ಇಂಥ ಬಿಲ್ಲಿಗೆ ಎಂದು ತಿಳಿಸಿ ಕೊಟ್ಟಿದ್ದು, ಪಡೆದವರು ಅದನ್ನು ಸ್ವೀಕರಿಸಿದ್ದರೆ, ಅದೇ ಬಿಲ್ಲಿಗೆ ವಜಾ ಮಾಡಬೇಕು. ಅವರು ಏನನ್ನೂ ಸೂಚಿಸದಿದ್ದರೆ, ಗಡುವು ಬಂದಿರುವ ನ್ಯಾಯಬದ್ಧ ಬಾಕಿಗಳಲ್ಲಿ ಯಾವುದಕ್ಕೆ ಬೇಕಾದರೂ ವಜಾ ಮಾಡುವ ಹಕ್ಕು ಪಡೆದವರಿಗಿದೆ. ಇಬ್ಬರೂ ಏನನ್ನೂ ಮಾಡದಿದ್ದರೆ ಕಾಲಕ್ರಮದಲ್ಲಿ ಹಳೆಯದಕ್ಕೆ ಮೊದಲು ಸಲ್ಲುತ್ತದೆ.

ಹೀಗಾಗಿ ಡಿಸೆಂಬರ್ 12ರ ಹಣವನ್ನು ತಯಾರಕರು ತಮ್ಮಿಷ್ಟದಂತೆ ಹಳೆಯ ಬಿಲ್ಲಿಗೆ ಹಾಕಿಕೊಳ್ಳುವಂತಿಲ್ಲ. ಅದು ಬಿಲ್ 176ಕ್ಕೇ ಸೇರಿದ್ದು. ನವೆಂಬರ್ 5ರ ಎರಡು ಲಕ್ಷದ ವಿಷಯದಲ್ಲಿ ಅವರಿಗೆ ಸ್ವಾತಂತ್ರ್ಯವಿದೆ. ಅಂದು ಗಡುವು ಮುಗಿದಿದ್ದವು 112 ಮತ್ತು 131 ಮಾತ್ರ. 158ರ ಗಡುವು ನವೆಂಬರ್ 12ಕ್ಕೆ ಇತ್ತು. ಆದುದರಿಂದ ರೂ. 34,000ವನ್ನು ಬಿಲ್ 112ರ ಉಳಿಕೆಗೆ, ರೂ. 1,66,000ವನ್ನು ಬಿಲ್ 131ಕ್ಕೆ ವಜಾ ಮಾಡಿದರೆ, 131ರಲ್ಲಿ ರೂ. 44,000 ಉಳಿಯುತ್ತದೆ.

ಅನೇಕ ಕಚೇರಿಗಳಲ್ಲಿ ಈ ಕೆಲಸ ನಡೆಯುವುದೇ ಇಲ್ಲ. ಟ್ಯಾಲಿಯಲ್ಲಿ ರಸೀದಿ ನಮೂದಿಸುವಾಗ `Agst Ref` ಆರಿಸಿ ಬಿಲ್ಲನ್ನು ತೋರಿಸುವ ಬದಲು `On Account` ಎಂದು ಬಿಟ್ಟರೆ, ಖಾತೆಯ ಒಟ್ಟು ಬಾಕಿ ಸರಿಯಾಗಿಯೇ ಇರುತ್ತದೆ. ಆದರೆ ಬಿಲ್ಲುವಾರು ಪಟ್ಟಿಯಲ್ಲಿ ಹಳೆಯ ಬಿಲ್ಲುಗಳು ಪೂರ್ಣ ಬಾಕಿಯಾಗಿಯೇ ನಿಲ್ಲುತ್ತವೆ. ಪಟ್ಟಿಯ ಕೊನೆಯಲ್ಲಿ ಎರಡು ಲಕ್ಷದ ಒಂದು ಅನಾಥ ಜಮಾ ಕಾಣಿಸುತ್ತದೆ. ಅಂತಹ ಪಟ್ಟಿಯನ್ನು ಕಂಡ ವಿತರಕರು, ಕೊಟ್ಟ ಹಣವನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂದು ಆಕ್ಷೇಪಿಸುವುದು ಸಹಜ. ಪತ್ರ ಬರೆಯುವ ಮೊದಲು ಈ ಅನಾಥ ಜಮಾಗಳನ್ನು ಬಿಲ್ಲುಗಳಿಗೆ ಹೊಂದಿಸಿ, ಹೇಗೆ ಹೊಂದಿಸಲಾಗಿದೆ ಎಂಬುದನ್ನು ಪತ್ರದಲ್ಲಿಯೇ ಒಂದು ವಾಕ್ಯದಲ್ಲಿ ತಿಳಿಸುವುದು ಉಚಿತ.

ವಯಸ್ಸನ್ನು ಎಲ್ಲಿಂದ ಎಣಿಸಬೇಕು?

ಈಗ ಉಳಿದಿರುವುದು ಮೂರು ಬಾಬ್ತುಗಳು. ಬಿಲ್ 131ರಲ್ಲಿ ರೂ. 44,000, ಬಿಲ್ 158ರಲ್ಲಿ ಪೂರ್ಣ ರೂ. 2,46,000 ಮತ್ತು ಬಿಲ್ 203ರಲ್ಲಿ ರೂ. 1,20,000. ಇವುಗಳ ವಯಸ್ಸನ್ನು ಬಿಲ್ಲಿನ ದಿನದಿಂದ ಎಣಿಸಿದರೆ 158 ಡಿಸೆಂಬರ್ 31ಕ್ಕೆ 94 ದಿನಗಳಷ್ಟು ಹಳೆಯದು. ಗಡುವಿನ ದಿನದಿಂದ ಎಣಿಸಿದರೆ 49 ದಿನ ಮಾತ್ರ ವಿಳಂಬವಾಗಿದೆ. ವಿತರಕರಿಗೆ ಬರೆಯುವ ಪತ್ರದಲ್ಲಿ ಎರಡನೆಯದನ್ನೇ ಬಳಸಬೇಕು. ಒಪ್ಪಿಕೊಟ್ಟ ಉದ್ರಿಯ ದಿನಗಳನ್ನೂ ವಿಳಂಬದಲ್ಲಿ ಸೇರಿಸಿದರೆ ಚರ್ಚೆ ಹಣದಿಂದ ದಿನಗಳ ಲೆಕ್ಕದ ಕಡೆಗೆ ಸರಿಯುತ್ತದೆ.

ಗಡುವಿನಂತೆ ವಿಂಗಡಿಸಿದಾಗ ಚಿತ್ರ ಹೀಗಿದೆ. ಬಿಲ್ 131ರ ಗಡುವು ಅಕ್ಟೋಬರ್ 4ಕ್ಕೆ ಮುಗಿದು 88 ದಿನ ಕಳೆದಿದೆ. ಬಿಲ್ 158ರದು ನವೆಂಬರ್ 12ಕ್ಕೆ ಮುಗಿದು 49 ದಿನ ಕಳೆದಿದೆ. ಬಿಲ್ 203ರ ಗಡುವು 2025ರ ಜನವರಿ 19. ಅದನ್ನು ಈಗ ಕೇಳುವಂತೆಯೇ ಇಲ್ಲ. ಅಂದರೆ 4,10,000ದಲ್ಲಿ ಗಡುವು ಮೀರಿದ್ದು ರೂ. 2,90,000.

ಪಟ್ಟಿ ಹೇಳುವ ಕಥೆ

ಹೀಗೆ ವಿಂಗಡಿಸಿದ ಪಟ್ಟಿಯನ್ನು ನೋಡಿದಾಗ ವಿಳಂಬದ ಕಾರಣವೂ ಸಾಮಾನ್ಯವಾಗಿ ಗೋಚರಿಸುತ್ತದೆ. ಎಲ್ಲ ಬಿಲ್ಲುಗಳೂ ಒಂದೇ ಪ್ರಮಾಣದಲ್ಲಿ ತಡವಾಗುತ್ತಿದ್ದರೆ ವಿತರಕರಿಗೆ ಹಣದ ಮುಗ್ಗಟ್ಟಿದೆ ಎಂದು ಊಹಿಸಬಹುದು. ಬಿಲ್ಲುಗಳ ಕೊನೆಯಲ್ಲಿ ಸಣ್ಣ ಸಣ್ಣ ಉಳಿಕೆಗಳಿದ್ದರೆ, ಅವರು ಬಿಲ್ಲು ನೋಡದೆ ದುಂಡು ಮೊತ್ತಗಳಲ್ಲಿ ಹಣ ಕಳುಹಿಸುತ್ತಿದ್ದಾರೆ ಎಂದರ್ಥ. 131ರ 44,000 ಅಂಥದ್ದು. ಆದರೆ ನಡುವಿನ ಒಂದು ಬಿಲ್ಲು ಪೂರ್ತಿಯಾಗಿ ನಿಂತು, ಅದರ ನಂತರದ ಬಿಲ್ಲನ್ನು ಹೆಸರಿಸಿ ಹಣ ಕೊಟ್ಟಿದ್ದರೆ ಅಲ್ಲಿ ಹಣದ ಕೊರತೆಯಿಲ್ಲ, ತಕರಾರಿದೆ. ನಮ್ಮ ಉದಾಹರಣೆಯಲ್ಲಿ ಬಿಲ್ 158 ಹೀಗೆಯೇ ನಿಂತಿದೆ, 176 ಮಾತ್ರ ಪಾವತಿಯಾಗಿದೆ.

ವಿಚಾರಿಸಿದಾಗ, ಆ ಬಿಲ್ಲಿನ 24 ಸೀರೆಗಳ ಸೆರಗಿನ ಜರಿಯಲ್ಲಿ ದೋಷವಿದ್ದು ಅವನ್ನು ಅಕ್ಟೋಬರ್‌ನಲ್ಲಿಯೇ ವಾಪಸು ಕಳುಹಿಸಲಾಗಿದೆ, ಆದರೆ ಕ್ರೆಡಿಟ್ ನೋಟ್ ಬಂದಿಲ್ಲ ಎಂದು ತಿಳಿಯುತ್ತದೆ ಎಂದಿಟ್ಟುಕೊಳ್ಳೋಣ. ತೆರಿಗೆ ಸೇರಿ ಅದರ ಮೌಲ್ಯ ರೂ. 36,000. ಈ 36,000ಕ್ಕಾಗಿ 2,46,000 ರೂಪಾಯಿ ನಿಂತಿದೆ. ವಾಪಸು ಬಂದ ಮಾಲು ಗೋದಾಮಿನಲ್ಲಿದ್ದು ಲೆಕ್ಕದ ಮನೆಗೆ ಸುದ್ದಿ ತಲುಪದಿರುವುದು ಇಂತಹ ವ್ಯವಹಾರಗಳಲ್ಲಿ ಅಪರೂಪವಲ್ಲ. ಆದ್ದರಿಂದ ಪತ್ರಕ್ಕೆ ಮುನ್ನ ವಾಪಸು ಮಾಲಿನ ರಿಜಿಸ್ಟರನ್ನು ಒಮ್ಮೆ ನೋಡಲೇಬೇಕು. ತಕರಾರಿನ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿದರೆ, ತಕರಾರಿಲ್ಲದ ರೂ. 2,54,000ವನ್ನು ತಡೆಹಿಡಿಯಲು ವಿತರಕರಿಗೆ ಕಾರಣ ಉಳಿಯುವುದಿಲ್ಲ.

ಪತ್ರದ ಒಕ್ಕಣೆ

ಇಷ್ಟು ಸಿದ್ಧತೆಯಾದ ಮೇಲೆ ಪತ್ರ ಒಂದು ಪುಟವನ್ನು ಮೀರಬೇಕಾಗಿಲ್ಲ. ಮೇಲಿನ ಲೆಕ್ಕಕ್ಕೆ ಅದು ಹೀಗಿರಬಹುದು:

> ದಿನಾಂಕ: 3 ಜನವರಿ 2025
>
> ಮಾನ್ಯರೇ,
>
> ವಿಷಯ: 31-12-2024ಕ್ಕೆ ತಮ್ಮ ಖಾತೆಯ ಲೆಕ್ಕಪಟ್ಟಿ
>
> ತಮ್ಮ ಖಾತೆಯ ಬಿಲ್ಲುವಾರು ಲೆಕ್ಕಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದೆ. ಒಟ್ಟು ಬಾಕಿ ರೂ. 4,10,000. ಇದರಲ್ಲಿ ಬಿಲ್ 203ರ ರೂ. 1,20,000ಕ್ಕೆ 19-1-2025ರವರೆಗೆ ಗಡುವಿದೆ. ಗಡುವು ಮೀರಿರುವುದು ಬಿಲ್ 131ರ ಉಳಿಕೆ ರೂ. 44,000 (88 ದಿನ) ಮತ್ತು ಬಿಲ್ 158ರ ರೂ. 2,46,000 (49 ದಿನ).
>
> ತಾವು 5-11-2024ರಂದು ಕಳುಹಿಸಿದ ರೂ. 2,00,000ದಲ್ಲಿ ರೂ. 34,000ವನ್ನು ಬಿಲ್ 112ಕ್ಕೂ ರೂ. 1,66,000ವನ್ನು ಬಿಲ್ 131ಕ್ಕೂ ವಜಾ ಮಾಡಲಾಗಿದೆ.
>
> ಬಿಲ್ 158ರಲ್ಲಿ ತಾವು ವಾಪಸು ಕಳುಹಿಸಿದ 24 ಸೀರೆಗಳನ್ನು ಪರಿಶೀಲಿಸಿ, ರೂ. 36,000ದ ಬಗ್ಗೆ ನಮ್ಮ ತೀರ್ಮಾನವನ್ನು 15-1-2025ರೊಳಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಈ ಮೊತ್ತವನ್ನು ಕೇಳುವುದಿಲ್ಲ.
>
> ಉಳಿದ ರೂ. 2,54,000ದಲ್ಲಿ ಬಿಲ್ 131ರ ರೂ. 44,000ವನ್ನು 10-1-2025ರೊಳಗೆ, ಬಿಲ್ 158ರ ರೂ. 2,10,000ವನ್ನು 20-1-2025ರೊಳಗೆ ಬಿಲ್ ಸಂಖ್ಯೆ ನಮೂದಿಸಿ ಪಾವತಿಸಬೇಕಾಗಿ ಕೋರುತ್ತೇವೆ. ಈ ದಿನಾಂಕಗಳು ಅನುಕೂಲವಾಗದಿದ್ದಲ್ಲಿ ತಮಗೆ ಸಾಧ್ಯವಾದ ದಿನಾಂಕಗಳನ್ನು 10ರೊಳಗೆ ತಿಳಿಸಬೇಕು. 20ರ ನಂತರವೂ ಬಾಕಿ ಉಳಿದಲ್ಲಿ ಹೊಸ ಮಾಲನ್ನು ಮುಂಗಡ ಹಣದ ಮೇಲೆ ಮಾತ್ರ ಕಳುಹಿಸಲಾಗುವುದು.
>
> ಲೆಕ್ಕಪಟ್ಟಿಯ ಎರಡನೆಯ ಪ್ರತಿಯ ಮೇಲೆ ತಮ್ಮ ಪುಸ್ತಕದ ಪ್ರಕಾರ ಇರುವ ಬಾಕಿಯನ್ನು ಬರೆದು, ದಿನಾಂಕ, ಸಹಿ ಮತ್ತು ಮೊಹರಿನೊಂದಿಗೆ ಹಿಂದಿರುಗಿಸಬೇಕಾಗಿ ವಿನಂತಿ.
>
> ವಂದನೆಗಳೊಂದಿಗೆ

ಪತ್ರದಲ್ಲಿ ತಯಾರಕರ ಕಡೆಯ ಕೆಲಸಕ್ಕೂ ಒಂದು ದಿನಾಂಕವಿರುವುದನ್ನು ಗಮನಿಸಬೇಕು. ಹಾಗೆಯೇ ಮುಂದಿನ ಕ್ರಮವೆಂದು ಹೇಳಿರುವುದು ತಯಾರಕರು ನಿಜವಾಗಿಯೂ ಕೈಗೊಳ್ಳಬಲ್ಲ ಕ್ರಮ. 20ರ ನಂತರವೂ ಹಿಂದಿನಂತೆಯೇ ಉದ್ರಿ ಮಾಲು ಹೋದರೆ ಮುಂದಿನ ಪತ್ರಕ್ಕೆ ಬೆಲೆ ಇರುವುದಿಲ್ಲ. ಒಪ್ಪಂದದಲ್ಲಿ ಇಲ್ಲದ ಶೇಕಡಾ 24ರ ಬಡ್ಡಿಯನ್ನು ಲೆಕ್ಕಪಟ್ಟಿಯಲ್ಲಿಯೇ ಸೇರಿಸುವ ರೂಢಿಯೂ ಕೆಲವೆಡೆ ಇದೆ. ಇದರಿಂದ ಒಟ್ಟು ಮೊತ್ತ ವಿತರಕರ ಪುಸ್ತಕಕ್ಕೆ ತಾಳೆಯಾಗದೆ, ಸಹಿ ಹಾಕಲು ಅವರು ಹಿಂಜರಿಯುತ್ತಾರೆ. ಬಡ್ಡಿಯ ವಿಚಾರ ಬೇರೆ ಹಾಳೆಯಲ್ಲಿರುವುದು ಮೇಲು.

ಆ ಸಹಿಯ ಬೆಲೆ

ಮಾರಿದ ಮಾಲಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮ ಮೂರು ವರ್ಷಗಳ ಅವಧಿಯನ್ನು ನೀಡುತ್ತದೆ. ನಿಗದಿತ ಉದ್ರಿ ಇದ್ದಲ್ಲಿ ಆ ಉದ್ರಿ ಮುಗಿದ ದಿನದಿಂದ ಈ ಅವಧಿ ಆರಂಭ. ಬಿಲ್ 131ರ ಮಟ್ಟಿಗೆ ಅದು 2027ರ ಅಕ್ಟೋಬರ್ 4ರ ಸುಮಾರಿಗೆ ಮುಗಿಯುತ್ತದೆ. ತಯಾರಕರು ತಾವೇ ಎಷ್ಟು ಪಟ್ಟಿ ಕಳುಹಿಸಿದರೂ ಈ ಅವಧಿ ಬೆಳೆಯುವುದಿಲ್ಲ. "15 ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಭಾವಿಸಲಾಗುವುದು" ಎಂಬ ಅಡಿಟಿಪ್ಪಣಿಯೂ ಸಹಿಗೆ ಬದಲಿಯಾಗಲಾರದು. ಅವಧಿ ಮುಗಿಯುವ ಮುನ್ನ ಬಾಕಿದಾರರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತವಾಗಿ ಸಹಿ ಮಾಡಿ ಋಣವನ್ನು ಒಪ್ಪಿಕೊಂಡರೆ ಮಾತ್ರ, 18ನೆಯ ಕಲಮಿನಂತೆ, ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಅವಧಿ ಮುಗಿದ ಮೇಲೆ ಪಡೆದ ಸಹಿಗೆ ಈ ಬಲವಿಲ್ಲ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಅಂಶವಿದೆ. ಒಪ್ಪಿಗೆಯಲ್ಲಿ ನಿಖರ ಮೊತ್ತ ಇರಲೇಬೇಕೆಂದಿಲ್ಲ. ವಜಾಕ್ಕೆ ಹಕ್ಕು ಮಂಡಿಸಿ ಬರೆದಿದ್ದರೂ ಅದು ಒಪ್ಪಿಗೆಯೇ ಆಗಬಲ್ಲದು. ಹುಬ್ಬಳ್ಳಿಯ ವಿತರಕರು ಪ್ರತಿಯ ಮೇಲೆ "ವಾಪಸು ಮಾಲು ಕಳೆದು ನಮ್ಮ ಪುಸ್ತಕದಲ್ಲಿ ರೂ. 3,74,000" ಎಂದು ಬರೆದು ಸಹಿ ಹಾಕಿದರೆ ತಯಾರಕರು ಅಸಮಾಧಾನಪಡಬೇಕಾಗಿಲ್ಲ. ನಮ್ಮ ಮೊತ್ತಕ್ಕೇ ಸಹಿ ಬೇಕು ಎಂದು ಹಠ ಹಿಡಿದು ಯಾವ ಸಹಿಯೂ ಇಲ್ಲದೆ ಹಿಂದಿರುಗುವುದಕ್ಕಿಂತ, ಅವರ ಮೊತ್ತಕ್ಕೆ ಅವರ ಸಹಿ ಪಡೆಯುವುದು ಲಾಭಕರ.

ವಿತರಕರಿಗೂ ಅನ್ವಯಿಸುವ ದಿನಾಂಕಗಳು

ಮೊದಲ ಪತ್ರಕ್ಕೆ ಸ್ಪಂದನೆ ಬಾರದಿದ್ದಲ್ಲಿ ಎರಡನೆಯ ಪತ್ರದಲ್ಲಿ ಕಾನೂನಿನ ಪ್ರಸ್ತಾಪ ಬರಬಹುದು. ಅದನ್ನೂ ಬೆದರಿಕೆಯಾಗಿ ಬರೆಯದೆ, ವಿತರಕರ ಸ್ವಂತ ಹಿತಕ್ಕೆ ಸಂಬಂಧಿಸಿದ ದಿನಾಂಕಗಳಿಂದ ಆರಂಭಿಸುವುದು ಒಳ್ಳೆಯದು. ಜಿಎಸ್‌ಟಿ ನಿಯಮದಂತೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ತೆರಿಗೆ ಸಹಿತ ಹಣ ಪಾವತಿಸದಿದ್ದರೆ, ಪಾವತಿಯಾಗದ ಭಾಗದ ಹೂಡುವಳಿ ತೆರಿಗೆ ಜಮೆಯನ್ನು ಖರೀದಿದಾರರು ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ. ಹಣ ಕೊಟ್ಟ ಮೇಲೆ ಜಮೆಯನ್ನು ಮರಳಿ ಪಡೆಯಬಹುದು. ಬಿಲ್ 131ಕ್ಕೆ ಆ ದಿನ 2025ರ ಫೆಬ್ರವರಿ 16.

ಎರಡನೆಯದು ಮಾರ್ಚ್ 31. ತಯಾರಕರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದಲ್ಲಿ, 2006ರ ಎಂಎಸ್‌ಎಂಇಡಿ ಅಧಿನಿಯಮದ 15ನೆಯ ಕಲಮಿನಂತೆ ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚಿನ ಉದ್ರಿ ಸಲ್ಲದು. ಒಪ್ಪಂದವಿಲ್ಲದಿದ್ದರೆ 15 ದಿನ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಎತ್ತಿದ್ದರೆ, ಆ ಆಕ್ಷೇಪ ಪರಿಹಾರವಾದ ದಿನದಿಂದ ಎಣಿಕೆ. 2023ರ ಹಣಕಾಸು ಅಧಿನಿಯಮ ತಂದ ಬದಲಾವಣೆಯಂತೆ, ಈ ಮಿತಿಯನ್ನು ಮೀರಿ ವರ್ಷಾಂತ್ಯಕ್ಕೂ ಉಳಿದ ಬಾಕಿಯನ್ನು ಖರೀದಿದಾರರು ಆ ವರ್ಷದ ಆದಾಯದಲ್ಲಿ ವೆಚ್ಚವಾಗಿ ಕಳೆಯುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ಆದ್ದರಿಂದ ಜನವರಿಯಲ್ಲಿ ಹೋದ ಪತ್ರಕ್ಕೆ ವಿತರಕರ ಲೆಕ್ಕಪರಿಶೋಧಕರ ಬೆಂಬಲವೂ ದೊರೆಯುವ ಸಂಭವವಿದೆ.

ಇದಾವುದೂ ಫಲಿಸದಿದ್ದಲ್ಲಿ ಅದೇ ಅಧಿನಿಯಮದ 18ನೆಯ ಕಲಮಿನಡಿ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಸರಬರಾಜುದಾರರು ಇರುವ ಪ್ರದೇಶದ ಮಂಡಳಿಗೇ ಅಧಿಕಾರವಿರುವುದರಿಂದ ದೊಡ್ಡಬಳ್ಳಾಪುರದವರು ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ. ವಿಳಂಬಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಮಾಸಿಕ ಚಕ್ರಬಡ್ಡಿ ಸಲ್ಲುತ್ತದೆ. ಆದರೆ ಎರಡು ಮಿತಿಗಳನ್ನು ನೆನಪಿಡಬೇಕು. ಮಾಲು ಸರಬರಾಜಾಗುವ ಮುನ್ನವೇ ಉದ್ಯಮ್ ನೋಂದಣಿ ಆಗಿರಬೇಕು. ನಂತರ ಮಾಡಿಸಿದ ನೋಂದಣಿ ಹಿಂದಿನ ಬಿಲ್ಲುಗಳಿಗೆ ಅನ್ವಯವಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ. ಇನ್ನು ಮಾಲನ್ನು ಕೊಂಡು ಮಾರುವ ವರ್ತಕರು ಉದ್ಯಮ್ ನೋಂದಣಿ ಪಡೆಯಬಹುದಾದರೂ, 2021ರ ಜುಲೈನ ಕೇಂದ್ರ ಸಚಿವಾಲಯದ ಆದೇಶದಂತೆ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಅಂತಹ ವರ್ತಕರಿಗೆ 45 ದಿನಗಳ ನಿಯಮದ ರಕ್ಷಣೆ ಇಲ್ಲ. ಅವರ ಪಾಲಿಗೆ ಲಿಖಿತ ಉದ್ರಿ ಒಪ್ಪಂದ ಮತ್ತು ಸಹಿಯಾದ ಲೆಕ್ಕಪಟ್ಟಿಗಳೇ ಆಧಾರ.

ತಯಾರಕರು ತಮ್ಮ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೂ ಲೆಕ್ಕಪಟ್ಟಿಯ ಮೇಲೂ ಮುದ್ರಿಸಿದರೆ, ಮೊದಲ ಪತ್ರದಲ್ಲಿ ಕಾನೂನಿನ ಮಾತೆತ್ತದೆಯೇ ವಿತರಕರಿಗೆ ಈ ಸಂಗತಿ ತಿಳಿದಿರುತ್ತದೆ. ಲೆಕ್ಕಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ ಮೊದಲ ವಾರದಲ್ಲಿಯೇ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಲ್ಲಿ, ವಾಪಸಾದ 24 ಸೀರೆಗಳ ವಿಷಯ ಸುಮಾರು ಎರಡೂವರೆ ಲಕ್ಷದ ಬಾಕಿಯಾಗಿ ಬೆಳೆಯುವ ಮೊದಲೇ ಇತ್ಯರ್ಥವಾಗುತ್ತದೆ.